ಸಾರಾಂಶಕ್ಕೆ ಕತ್ತರಿ ಹಾಕುವ ಮುನ್ನ

ಪೇಟೆಂಟ್ ಅರ್ಜಿಯ ಸಾರಾಂಶ 150 ಪದ ದಾಟಬಾರದು ಅಂತ ನಿಯಮ. ಇದು ಎಲ್ಲರಿಗೂ ಗೊತ್ತು. ಆದರೆ ಕತ್ತರಿಸಲು ಕೂತವರು ‘ಅಗ್ಗ’, ‘ಅತ್ಯುತ್ತಮ’, ‘ಬಾಳಿಕೆ ಜಾಸ್ತಿ’ ಅನ್ನೋದನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡು, ಹಕ್ಕು ಎಲ್ಲಿಯವರೆಗೆ ಅಂತ ಹೇಳುವ ಮುಖ್ಯ ಕ್ಲೇಮಿನ ಷರತ್ತನ್ನೇ ತೆಗೆದುಹಾಕುತ್ತಾರೆ. ನನಗೆ ತಡೆಯಲಾಗದ ಸಿಟ್ಟು ಬರುವುದು ಇಲ್ಲೇ.

ಪುಣೆಯ ಭೋಸರಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ವಿಜಯಪುರದ ಗೆಳೆಯರೊಬ್ಬರು ಹನಿ ನೀರಾವರಿಗೆ ಫಿಲ್ಟರ್ ಮಾಡಿದ್ದಾರೆ. ಜಾಲರಿಗೆ ಕಸ ಕಟ್ಟಿದಂತೆ ಒಳಬರುವ ನೀರಿಗೂ ಹೊರಹೋಗುವ ನೀರಿಗೂ ನಡುವಿನ ಒತ್ತಡದ ವ್ಯತ್ಯಾಸ ಏರುತ್ತದೆ. ಆ ವ್ಯತ್ಯಾಸ ಮಿತಿ ದಾಟಿದರೆ ರಬ್ಬರ್ ಪೊರೆಯೊಂದು ಸ್ಪ್ರಿಂಗನ್ನು ಒತ್ತಿ, ಕಸ ಹೊರಹೋಗುವ ಬಾಯಿ ತೆರೆಯುತ್ತದೆ. ಕರೆಂಟೂ ಬೇಡ, ಟೈಮರೂ ಬೇಡ. ಅವರ ಕ್ಲೇಮಿನ ಜೀವ ಇದೇ.

ಅವರು ಚಿಕ್ಕದು ಮಾಡಿ ತಂದ ಸಾರಾಂಶದಲ್ಲಿ ಹೀಗಿತ್ತು: ‘ಒತ್ತಡ ಹೆಚ್ಚಾದಾಗ ತಾನೇ ಸ್ವಚ್ಛವಾಗುವ ಸುಧಾರಿತ ಫಿಲ್ಟರ್.’ ಪಕ್ಕದ ಮೇಜಿನ ಅಕೌಂಟೆಂಟ್‌ಗೆ ಓದಲು ಕೊಟ್ಟೆ. “ಪಂಪ್ ಜೋರು ಮಾಡಿದರೆ ತೆರೆಯುತ್ತೆ, ಅಲ್ವಾ?” ಅಂದರು. ಅವರ ತಪ್ಪೇನಿಲ್ಲ, ಬರೆದದ್ದು ಹಾಗೇ ಇತ್ತು. ಬರೀ ಒತ್ತಡಕ್ಕೆ ತೆರೆಯುವುದಾದರೆ ಅದು ರಿಲೀಫ್ ವಾಲ್ವ್, ಹಳೆಯ ವಸ್ತು.

“ಸರ್, ವ್ಯತ್ಯಾಸ ಅಂತ ಹಾಕಿದ್ರ ಮಂದಿಗೆ ತಿಳಿಯೂದಿಲ್ರಿ,” ಅಂದರು ಗೆಳೆಯರು. ತಿಳಿಯುತ್ತೆ, ಎರಡು ಮಾತು ಜಾಸ್ತಿ ಬರೆದರೆ ಸಾಕು. ಕೊನೆಗೆ ಹೀಗೆ ನಿಂತಿತು: ‘ಜಾಲರಿಯ (12) ಎರಡೂ ಬದಿಯ ನೀರಿನ ಒತ್ತಡದ ವ್ಯತ್ಯಾಸ ಒಂದು ಮಿತಿ ದಾಟಿದಾಗ, ಆ ವ್ಯತ್ಯಾಸದ ಬಲದಿಂದಲೇ ಪೊರೆ (14) ಸ್ಪ್ರಿಂಗನ್ನು (15) ಒತ್ತಿ ಕಸದ ಬಾಯಿ (16) ತೆರೆಯುತ್ತದೆ.’ ಮತ್ತೆ ಅಕೌಂಟೆಂಟ್‌ಗೆ ತೋರಿಸಿದೆ. “ಕಸ ಕಟ್ಟಿದಾಗ ಮಾತ್ರ ತೆರೆಯುತ್ತೆ” ಅಂದರು. ಅಷ್ಟು ಸಾಕು.

ಗೆಳೆಯರಿಗೆ ‘0.5 ಬಾರ್’ ಅಂತಲೂ ಸೇರಿಸುವ ಆಸೆ. ಬೇಡ ಅಂದೆ. ಅದು ಉಪಕ್ಲೇಮಿನಲ್ಲಿ ಬರುವ ಉದಾಹರಣೆ. ಸಾರಾಂಶದಲ್ಲಿ ಬಂದರೆ ಓದಿದವರು ಇಡೀ ಶೋಧನೆಯೇ ಅಷ್ಟಕ್ಕೆ ಸೀಮಿತ ಅಂದುಕೊಳ್ಳುತ್ತಾರೆ. ಕಾನೂನಿನ ಪ್ರಕಾರ ಹಕ್ಕಿನ ಗಡಿ ಹೇಳುವುದು ಕ್ಲೇಮುಗಳೇ, ನಿಜ. ಆದರೆ ಪ್ರಕಟವಾದ ಮೇಲೆ ಹಣ ಹಾಕಲು ಬರುವವರು ಸಾಮಾನ್ಯವಾಗಿ ಮೊದಲು ಓದುವುದು ಸಾರಾಂಶ. ನಿಮ್ಮ ಅರ್ಜಿಯ ವಿಷಯ ಬೇರೆ ಇರಬಹುದು, ನಿಮ್ಮ ಏಜೆಂಟರನ್ನು ಕೇಳಿಯೇ ಮುಂದುವರಿಯಿರಿ.

ಚಿತ್ರದಲ್ಲಿ ಆಯಾ ಭಾಗವನ್ನು ತೋರಿಸುವ ಆವರಣದ ಅಂಕಿಗಳನ್ನು ಮಾತ್ರ ಜಾಗ ಉಳಿಸಲು ಅಳಿಸಬೇಡಿ. ಚಿತ್ರವಿರುವ ಅರ್ಜಿಯಲ್ಲಿ ಮುಖ್ಯ ಭಾಗಗಳ ಮುಂದೆ ಅವು ಇರಬೇಕು ಅಂತ ನಿಯಮವೇ ಇದೆ. ಜಾಗ ಬೇಕಿದ್ದರೆ ‘ಸುಧಾರಿತ’ ತೆಗೆಯಿರಿ.