ರೆಕಾರ್ಡಿಂಗ್ ಇದ್ದರೆ ನಡಾವಳಿ ಬರೆಯೋದು ಸುಲಭ ಅಲ್ವಾ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇವೆ. ಕೇಳಿಕೊಂಡು ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿ, ಇಂಗ್ಲಿಷಿಗೆ ತಂದರೆ ಸಾಕಲ್ಲವೇ?

ಸಾಕಾಗುವುದಿಲ್ಲ. ಎಷ್ಟನೇ ಸಲ ಹೇಳುತ್ತಿದ್ದೇನೋ ಲೆಕ್ಕವೇ ತಪ್ಪಿದೆ. ಆಡಿದ ಮಾತೆಲ್ಲ ಬರೆಯುವುದು ವಿಧಾನಸಭೆಯ ವರದಿಗಾರರ ಕೆಲಸ. ಸಂಘದ ನಡಾವಳಿಗೆ ಬೇಕಾದದ್ದು ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಯಾವಾಗ ಅನ್ನೋದು.

'ಇದ್ದ ಹಾಗೇ ಬರೆದರೆ ತಪ್ಪಾಗಲ್ಲ' ಅನ್ನುವವರು ಈ ತುಣುಕು ನೋಡಿ:

'ಬೋರು ಕೈ ಕೊಡ್ತಿದೆ ಸಾರ್, ಹೊಸದು ಹಾಕಿಸ್ಲೇಬೇಕು.'
'ಎರಡೂವರೆ ಆಗುತ್ತಂತೆ.'
'ಆಯ್ತು, ಇನ್ನೊಂದು ಕೊಟೇಶನ್ ತರ್ಸಿ, ನೋಡೋಣ.'
'ಹ್ಞೂಂ, ಹಂಗೇ ಮಾಡೋಣ.'

ಇದನ್ನು ಹಾಗೇ ಟೈಪ್ ಮಾಡಿ ಕೊಟ್ಟರೆ, ಸಭೆಗೆ ಬಾರದವರು ಕೊನೆಯ 'ಮಾಡೋಣ' ನೋಡಿ ಬೋರು ಪಾಸಾಯಿತು ಅಂದುಕೊಳ್ಳುತ್ತಾರೆ. ನಿಜಕ್ಕೂ ಪಾಸಾದದ್ದು ಇನ್ನೊಂದು ಕೊಟೇಶನ್ ತರಿಸುವುದು ಮಾತ್ರ. ನಮ್ಮಲ್ಲಿ 'ನೋಡೋಣ' ಅಂದರೆ ಹೆಚ್ಚಿನ ಸಲ 'ಈಗ ಬೇಡ'. 'ಆಯ್ತು' ಅಂದರೆ ಒಪ್ಪಿದೆ ಅಂತಲೂ ಇರಬಹುದು, ಕೇಳಿಸಿಕೊಂಡೆ ಅಂತಲೂ ಇರಬಹುದು. ದನಿಯಲ್ಲಿ ಗೊತ್ತಾಗುತ್ತದೆ, ಕಾಗದದ ಮೇಲೆ ಆ ದನಿ ಇರುವುದಿಲ್ಲ. 'ಎರಡೂವರೆ' ಲಕ್ಷವೋ ಸಾವಿರವೋ ಅನ್ನೋದಕ್ಕೂ ಊಹೆ ಬೇಡ, ಕೊಟೇಶನ್ ಕಾಗದ ತೆಗೆದು ನೋಡಿ. 'ತರ್ಸಿ' ಅಂದದ್ದು ಯಾರಿಗೆ? ಅಲ್ಲಿದ್ದವರಿಗಷ್ಟೇ ಗೊತ್ತು. ಅವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ. ಅದಕ್ಕೇ ಎರಡು ದಿನದೊಳಗೆ ಬರೆದು ಮುಗಿಸಿ ಅನ್ನುತ್ತೇನೆ, ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಇಷ್ಟೆಲ್ಲ ವಿಚಾರಿಸಿದ ಮೇಲೆ ನಡಾವಳಿಯಲ್ಲಿ ಉಳಿಯುವುದು ಇಷ್ಟು:

'ವಿಷಯ 3: ಹೊಸ ಕೊಳವೆಬಾವಿ. ರೂ. 2,50,000 ಅಂದಾಜು ವೆಚ್ಚದ ಬಗ್ಗೆ ಚರ್ಚಿಸಲಾಯಿತು. ಇನ್ನೊಂದು ದರಪಟ್ಟಿ ತರಿಸಿ ಮುಂದಿನ ಸಭೆಯಲ್ಲಿ ಮಂಡಿಸಲು ಕಾರ್ಯದರ್ಶಿಯವರಿಗೆ ತಿಳಿಸಿ, ವಿಷಯವನ್ನು ಮುಂದೂಡಲಾಯಿತು.'

ಇಂಗ್ಲಿಷ್ ಸಾರಾಂಶವನ್ನು ಈ ಬರಹದಿಂದ ಮಾಡಿ, ರೆಕಾರ್ಡಿಂಗ್‌ನಿಂದ ಅಲ್ಲ. ಇಲ್ಲದಿದ್ದರೆ ಎರಡು ಭಾಷೆಯಲ್ಲಿ ಎರಡು ತೀರ್ಮಾನ ಹುಟ್ಟುತ್ತವೆ. ಒಂದು ಎಚ್ಚರಿಕೆ: 'ಕ್ರಮ ಕೈಗೊಳ್ಳಲಾಗುವುದು' ಅಂತ ಕನ್ನಡದಲ್ಲಿ ಬರೆದು ಜಾರಿಕೊಳ್ಳುವುದು ನಮಗೆ ಅಭ್ಯಾಸ. ಇಂಗ್ಲಿಷಿಗೆ ತರುವಾಗ 'ಯಾರು?' ಅಂತ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ತಪ್ಪು ಕನ್ನಡದ ನಡಾವಳಿಯಲ್ಲೇ ಇದೆ, ಮೊದಲು ಅದನ್ನು ತಿದ್ದಿ. ಎರಡರಲ್ಲಿ ವ್ಯತ್ಯಾಸ ಬಂದರೆ ಕನ್ನಡವೇ ಅಂತಿಮ ಅಂತ ಸಾರಾಂಶದ ಕೆಳಗೆ ಒಂದು ಸಾಲು ಹಾಕಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಆ ರೆಕಾರ್ಡಿಂಗ್ ಏನು ಮಾಡಬೇಕು? ಮುಂದಿನ ಸಭೆಯಲ್ಲಿ ನಡಾವಳಿ ಓದಿ ಎಲ್ಲರೂ ಒಪ್ಪಿ ಅಧ್ಯಕ್ಷರ ಸಹಿ ಬೀಳುವವರೆಗೆ ಇಟ್ಟುಕೊಳ್ಳಿ. ಆಮೇಲೂ ಇಡಬೇಕೋ ಅಳಿಸಬೇಕೋ ಅನ್ನೋದನ್ನು ಅದೇ ಸಭೆಯಲ್ಲಿ ತೀರ್ಮಾನಿಸಿ, ಅದನ್ನೂ ನಡಾವಳಿಯಲ್ಲಿ ಬರೆಯಿರಿ. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಟ್ಯಾಂಕರ್ ಬಿಲ್ಲಿನ ಜಗಳದಲ್ಲಿ ಯಾರು ಯಾರಿಗೆ ಏನಂದರು ಅಂತ ಕೇಳಲು ಎಲ್ಲರಿಗೂ ಪುರುಸೊತ್ತಿರುತ್ತದೆ.