ಸೆಕ್ಷನ್ 44ಎಡಿ ಮತ್ತು 44ಎಡಿಎ: ಅಂದಾಜು ಆದಾಯದ ಲೆಕ್ಕ ಹಾಕುವುದು ಹೇಗೆ?

ಈ ಟಿಪ್ಪಣಿ 2025-26ರ ಹಣಕಾಸು ವರ್ಷಕ್ಕೆ, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಗೆ ಸಂಬಂಧಿಸಿದ್ದು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದೆ, ಅದರಲ್ಲಿ ಈ ವಿಷಯ ಸೆಕ್ಷನ್ 58ರಲ್ಲಿದೆ.

ಸಣ್ಣ ವ್ಯಾಪಾರಿ ಪ್ರತಿ ಖರ್ಚಿನ ರಸೀದಿ ಇಟ್ಟುಕೊಂಡು, ಲಾಭ-ನಷ್ಟದ ಪಟ್ಟಿ ತಯಾರಿಸುವುದು ಕಷ್ಟ. ಅದಕ್ಕೆ ಕಾಯ್ದೆ ಒಂದು ದಾರಿ ಕೊಟ್ಟಿದೆ: ವಹಿವಾಟಿನ ಇಂತಿಷ್ಟು ಪಾಲನ್ನು ಲಾಭ ಎಂದು ತೋರಿಸಿ, ಲೆಕ್ಕದ ಪುಸ್ತಕವೂ ಬೇಡ, ಆಡಿಟ್ಟೂ ಬೇಡ. ಇದು ಸೆಕ್ಷನ್ 44ಎಡಿ. ಭಾರತದಲ್ಲಿ ನಿವಾಸಿಯಾಗಿರುವ ವ್ಯಕ್ತಿ, ಹಿಂದೂ ಅವಿಭಕ್ತ ಕುಟುಂಬ ಮತ್ತು ಪಾಲುದಾರಿಕೆ ಸಂಸ್ಥೆ ಇದನ್ನು ಬಳಸಬಹುದು. ಎಲ್‌ಎಲ್‌ಪಿ ಮತ್ತು ಕಂಪನಿಗಳಿಗೆ ಇಲ್ಲ. ಕಮಿಷನ್, ದಲ್ಲಾಳಿ ಅಥವಾ ಏಜೆನ್ಸಿ ಆದಾಯ ಇರುವವರಿಗೂ ಇಲ್ಲ. ವಿಮಾ ಏಜೆಂಟರು ಇಲ್ಲೇ ಎಡವುತ್ತಾರೆ. ತಮ್ಮದೂ ಸಣ್ಣ ವ್ಯವಹಾರವೇ ಅಲ್ವಾ ಎಂದುಕೊಂಡು 44ಎಡಿ ಅಡಿಯಲ್ಲಿ ರಿಟರ್ನ್ ಹಾಕಿಬಿಡುತ್ತಾರೆ.

ವಹಿವಾಟಿನ ಮಿತಿ 2 ಕೋಟಿ ರೂಪಾಯಿ. ವರ್ಷದಲ್ಲಿ ನಗದಾಗಿ ಬಂದ ಹಣ ಒಟ್ಟು ವಹಿವಾಟಿನ ಶೇ. 5 ದಾಟದಿದ್ದರೆ ಮಿತಿ 3 ಕೋಟಿಗೆ ಏರುತ್ತದೆ. ಎರಡೂವರೆ ಕೋಟಿ ವಹಿವಾಟು ಇರುವವರಿಗೆ ಈ ಶೇ. 5 ಎಂದರೆ 12.5 ಲಕ್ಷ. ನಗದು 13 ಲಕ್ಷ ಆದರೆ ಸಾಕು, ಆ ವರ್ಷ ಯೋಜನೆಯೇ ಸಿಗುವುದಿಲ್ಲ. ಈ ಪರೀಕ್ಷೆಗೆ ಅಕೌಂಟ್ ಪೇಯಿ ಅಲ್ಲದ ಚೆಕ್ಕನ್ನೂ ನಗದು ಎಂದೇ ಎಣಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಹಣ ಬ್ಯಾಂಕ್ ದಾರಿಯಲ್ಲಿ ಬಂದಿದ್ದರೆ ಅದರ ಶೇ. 6, ಬೇರೆ ರೀತಿ ಬಂದಿದ್ದರೆ ಶೇ. 8 ಲಾಭ ಎಂದು ಹಿಡಿಯಬೇಕು. ಬ್ಯಾಂಕ್ ದಾರಿ ಎಂದರೆ ಅಕೌಂಟ್ ಪೇಯಿ ಚೆಕ್, ಡಿಡಿ, ಎನ್‌ಇಎಫ್‌ಟಿ, ಯುಪಿಐ, ಕಾರ್ಡ್ ಇಂಥವು. ಗಲ್ಲಾಪೆಟ್ಟಿಗೆಯ ನಗದನ್ನು ಸಂಜೆ ಬ್ಯಾಂಕಿಗೆ ಕಟ್ಟಿದರೆ ಅದು ಬ್ಯಾಂಕ್ ದಾರಿ ಆಗುವುದಿಲ್ಲ. ಗಿರಾಕಿ ಹೇಗೆ ಕೊಟ್ಟ ಎಂಬುದೇ ಮುಖ್ಯ. ಪಾಸ್‌ಬುಕ್‌ನ ಜಮಾ ಮೊತ್ತವನ್ನೆಲ್ಲ ಕೂಡಿಸಿ ಶೇ. 6 ಹಾಕುವವರು ಬಹಳ. ಪಾಸ್‌ಬುಕ್‌ನಲ್ಲಿ ‘ಕ್ಯಾಶ್ ಡೆಪಾಸಿಟ್’ ಎಂದು ಬರೆದಿರುವ ಸಾಲುಗಳನ್ನು ಬೇರೆ ತೆಗೆದು ನೋಡಿದರೆ ತಪ್ಪು ತಕ್ಷಣ ಸಿಗುತ್ತದೆ.

ಒಂದು ಹಾರ್ಡ್‌ವೇರ್ ಅಂಗಡಿ ತೆಗೆದುಕೊಳ್ಳೋಣ. ವರ್ಷದ ಮಾರಾಟ 1.40 ಕೋಟಿ. ಮಾರ್ಚ್ 31ರ ಒಳಗೆ ಯುಪಿಐ ಮತ್ತು ಚೆಕ್ ಮೂಲಕ 1 ಕೋಟಿ ಬಂದಿದೆ. ನಗದು 30 ಲಕ್ಷ. ಉಳಿದ 10 ಲಕ್ಷ ಗುತ್ತಿಗೆದಾರರಿಂದ ಬರಬೇಕಾದ ಬಾಕಿ. ಬಾಕಿಗೆ ಯಾವ ದರ? ರಿಟರ್ನ್ ಸಲ್ಲಿಸುವ ಕೊನೆ ದಿನದೊಳಗೆ ಬ್ಯಾಂಕ್ ದಾರಿಯಲ್ಲಿ ಬಂದರೆ ಅದಕ್ಕೂ ಶೇ. 6. ಮೇ ತಿಂಗಳಲ್ಲಿ 8 ಲಕ್ಷ ಎನ್‌ಇಎಫ್‌ಟಿ ಆಯಿತು, 2 ಲಕ್ಷ ಬರಲೇ ಇಲ್ಲ ಎಂದುಕೊಳ್ಳಿ. ಆಗ 1.08 ಕೋಟಿಗೆ ಶೇ. 6ರಂತೆ 6.48 ಲಕ್ಷ. ಮಿಕ್ಕ 32 ಲಕ್ಷಕ್ಕೆ ಶೇ. 8ರಂತೆ 2.56 ಲಕ್ಷ. ಒಟ್ಟು ಆದಾಯ 9.04 ಲಕ್ಷ.

ಇದರಿಂದ ಅಂಗಡಿ ಬಾಡಿಗೆ, ಸಂಬಳ, ಸಾಲದ ಬಡ್ಡಿ, ಸವಕಳಿ ಯಾವುದನ್ನೂ ಮತ್ತೆ ಕಳೆಯುವಂತಿಲ್ಲ. ಎಲ್ಲ ಖರ್ಚೂ ಕಳೆದಾಗಿದೆ ಎಂದೇ ಕಾಯ್ದೆ ಭಾವಿಸುತ್ತದೆ. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರ ಸಂಬಳ, ಬಡ್ಡಿಯನ್ನೂ ಕಳೆಯಲು ಬರುವುದಿಲ್ಲ.

ಈ 9.04 ಲಕ್ಷ ಕನಿಷ್ಠ ಮೊತ್ತ ಎಂಬುದು ನೆನಪಿರಲಿ. ನಿಜವಾದ ಲಾಭ ಜಾಸ್ತಿ ಇದ್ದರೆ ಜಾಸ್ತಿ ತೋರಿಸುವುದೇ ಸರಿ ಎಂದು ನನ್ನ ಅಭಿಪ್ರಾಯ. ಆದಾಯ ಕಡಿಮೆ ತೋರಿಸಿ ಅದೇ ವರ್ಷ ದೊಡ್ಡ ಸೈಟು ಕೊಂಡರೆ, ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಶೇ. 6ರ ಲೆಕ್ಕ ಉತ್ತರ ಆಗುವುದಿಲ್ಲ.

ಲಾಭ ನಿಜವಾಗಿಯೂ ಕಡಿಮೆ ಆಗಿದ್ದರೆ? ಇಲ್ಲಿ ನಿಧಾನವಾಗಿ ಯೋಚಿಸಬೇಕು. ಇದೇ ಅಂಗಡಿಯವರು 2024-25ರಲ್ಲಿ 44ಎಡಿ ಆರಿಸಿಕೊಂಡಿದ್ದರು. 2025-26ರಲ್ಲಿ ಪೈಪೋಟಿ ಜಾಸ್ತಿಯಾಗಿ ಲಾಭ ಶೇ. 4ಕ್ಕೆ, ಅಂದರೆ 5.60 ಲಕ್ಷಕ್ಕೆ ಇಳಿಯಿತು. ಅಷ್ಟೇ ತೋರಿಸುತ್ತೇನೆ ಎಂದರೆ ತೋರಿಸಬಹುದು. ಆದರೆ ಒಮ್ಮೆ ಈ ಯೋಜನೆಗೆ ಬಂದವರು ಮುಂದಿನ ಐದು ವರ್ಷ ಇದರಲ್ಲೇ ಇರಬೇಕು. ನಡುವೆ ಬಿಟ್ಟರೆ, ಬಿಟ್ಟ ವರ್ಷದ ನಂತರದ ಐದು ವರ್ಷ ಮರಳಿ ಬರುವಂತಿಲ್ಲ. ಒಟ್ಟು ಆದಾಯ ತೆರಿಗೆ ಇಲ್ಲದ ಮೂಲ ಮಿತಿ ದಾಟಿದ್ದರೆ ಲೆಕ್ಕದ ಪುಸ್ತಕವೂ ಬೇಕು, ಆಡಿಟ್ ಕೂಡ ಆಗಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ಈ ವರ್ಷ ಆ ಮಿತಿ 4 ಲಕ್ಷ. 5.60 ಲಕ್ಷ ಅದನ್ನು ದಾಟಿದೆ.

ಈಗ ಎರಡೂ ದಾರಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಬೇರೆ ಆದಾಯ ಇಲ್ಲದ ವ್ಯಕ್ತಿ 9.04 ಲಕ್ಷ ತೋರಿಸಿದರೆ, ಹೊಸ ಪದ್ಧತಿಯ ಸ್ಲ್ಯಾಬ್ ಪ್ರಕಾರ ತೆರಿಗೆ 30,400 ರೂಪಾಯಿ. ಒಟ್ಟು ಆದಾಯ 12 ಲಕ್ಷದ ಒಳಗಿರುವುದರಿಂದ ಸೆಕ್ಷನ್ 87ಎ ರಿಯಾಯಿತಿ ಸಿಕ್ಕಿ ಅದು ಸೊನ್ನೆಯಾಗುತ್ತದೆ. 5.60 ಲಕ್ಷ ತೋರಿಸಿದರೂ ತೆರಿಗೆ ಸೊನ್ನೆಯೇ. ಆದರೆ ಆಡಿಟ್ ಶುಲ್ಕ ಬೀಳುತ್ತದೆ, ಐದು ವರ್ಷ ಯೋಜನೆಯೂ ಕೈತಪ್ಪುತ್ತದೆ. ಇಂಥ ಸಂದರ್ಭದಲ್ಲಿ ಕಡಿಮೆ ಲಾಭ ತೋರಿಸಿ ಸುಮ್ನೆ ತೊಂದರೆ ಮೈಮೇಲೆ ಎಳೆದುಕೊಂಡಂತೆ. ಪಾಲುದಾರಿಕೆ ಸಂಸ್ಥೆಗೆ ಮಾತ್ರ 87ಎ ಇಲ್ಲ, ಅವರು ಬೇರೆಯಾಗಿ ಲೆಕ್ಕ ಹಾಕಬೇಕು.

ವೃತ್ತಿಪರರಿಗೆ ಇರುವುದು 44ಎಡಿಎ. ವಕೀಲರು, ವೈದ್ಯರು, ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕ ಪರಿಶೋಧಕರು, ತಾಂತ್ರಿಕ ಸಲಹೆಗಾರರು, ಒಳಾಂಗಣ ವಿನ್ಯಾಸಕರು, ಜೊತೆಗೆ ಸರ್ಕಾರ ಅಧಿಸೂಚಿಸಿದ ಚಲನಚಿತ್ರ ಕಲಾವಿದರು, ಕಂಪನಿ ಸೆಕ್ರೆಟರಿ, ಮಾಹಿತಿ ತಂತ್ರಜ್ಞಾನದವರು ಮುಂತಾದವರು ಇದರಲ್ಲಿ ಬರುತ್ತಾರೆ. ಇಲ್ಲಿ ಅವಿಭಕ್ತ ಕುಟುಂಬಕ್ಕೆ ಅವಕಾಶ ಇಲ್ಲ. ಮಿತಿ 50 ಲಕ್ಷ, ನಗದು ಶೇ. 5 ದಾಟದಿದ್ದರೆ 75 ಲಕ್ಷ. ದರ ಒಂದೇ: ಒಟ್ಟು ಸ್ವೀಕೃತಿಯ ಶೇ. 50. ಐದು ವರ್ಷದ ಕಟ್ಟುಪಾಡು ಇಲ್ಲ. ಆದರೆ ಶೇ. 50ಕ್ಕಿಂತ ಕಡಿಮೆ ತೋರಿಸಿ, ಒಟ್ಟು ಆದಾಯ ಮೂಲ ಮಿತಿ ದಾಟಿದರೆ ಆ ವರ್ಷ ಆಡಿಟ್ ಬೇಕು.

ವೃತ್ತಿಪರರ ಲೆಕ್ಕದಲ್ಲಿ ತಪ್ಪುವ ಜಾಗ ಬೇರೆ. ಒಬ್ಬ ವಾಸ್ತುಶಿಲ್ಪಿ 1 ಲಕ್ಷದ ಬಿಲ್ ಕೊಟ್ಟರು, ಗ್ರಾಹಕ ಕಂಪನಿ 10,000 ಟಿಡಿಎಸ್ ಹಿಡಿದು 90,000 ಖಾತೆಗೆ ಹಾಕಿತು. ಸ್ವೀಕೃತಿ 1 ಲಕ್ಷವೇ ಹೊರತು 90,000 ಅಲ್ಲ. ಆದಾಯ 50,000, ಹಿಡಿದ 10,000 ತೆರಿಗೆಗೆ ಜಮಾ. ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ನೋಡಿ ಸ್ವೀಕೃತಿ ಬರೆದರೆ ಫಾರ್ಮ್ 26ಎಎಸ್‌ನ ಮೊತ್ತಕ್ಕೆ ತಾಳೆಯಾಗುವುದಿಲ್ಲ. ಆದ್ದರಿಂದ ರಿಟರ್ನ್ ಹಾಕುವ ಮೊದಲು ಅದನ್ನು ತೆರೆದು ನೋಡಿ.

ಎರಡೂ ಯೋಜನೆಯವರು ಮುಂಗಡ ತೆರಿಗೆಯನ್ನು ನಾಲ್ಕು ಕಂತಲ್ಲಿ ಕಟ್ಟಬೇಕಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ರಿಟರ್ನ್‌ಗೆ ಐಟಿಆರ್-4 ಇದೆ. ಒಟ್ಟು ಆದಾಯ 50 ಲಕ್ಷ ದಾಟಿದರೆ ಅದನ್ನು ಬಳಸುವಂತಿಲ್ಲ. ಬಾಡಿಗೆ, ಬಡ್ಡಿ ಎಲ್ಲ ಸೇರಿ ಆ ಮಟ್ಟ ಮುಟ್ಟಿದ ವ್ಯಕ್ತಿ ಅದೇ ಅಂದಾಜು ಲೆಕ್ಕವನ್ನು ಐಟಿಆರ್-3ರಲ್ಲಿ ತುಂಬಬೇಕು.