‘ಇನ್ನು ಹತ್ತೇ ಸೆಕೆಂಡ್’ ಅನ್ನುವ ಕೆಪಾಸಿಟರ್

‘ಐದೇ ನಿಮಿಷ, ಬಂದೆ’ ಅನ್ನುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದರೂ ಅದೇ ಐದು ನಿಮಿಷ. ಚಾರ್ಜ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಕೂಡ ಇದೇ ಜಾತಿ.

9 ವೋಲ್ಟ್ ಬ್ಯಾಟರಿ, 10 ಕಿಲೋ ಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಒಂದು ಸ್ವಿಚ್. ಎಲ್ಲವನ್ನೂ ಒಂದರ ಹಿಂದೆ ಒಂದು ಜೋಡಿಸಿ, ಕೆಪಾಸಿಟರ್‌ಗೆ ಮಲ್ಟಿಮೀಟರ್ ಹಿಡಿಯಿರಿ. ರೆಸಿಸ್ಟರನ್ನೂ ಕೆಪಾಸಿಟರನ್ನೂ ಗುಣಿಸಿದರೆ 10 ಸೆಕೆಂಡ್ ಬರುತ್ತೆ. ಇದೇ ಟೈಮ್ ಕಾನ್‌ಸ್ಟಂಟ್. ಅಷ್ಟು ಹೊತ್ತಿಗೆ ಕೆಪಾಸಿಟರ್ ಪೂರ್ತಿ ತುಂಬುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ! ಮೀಟರ್ ಆಗ ತೋರಿಸೋದು 5.7 ವೋಲ್ಟ್ ಆಸುಪಾಸು.

ಯಾಕೆ? ಸ್ವಿಚ್ ಒತ್ತಿದ ಕ್ಷಣ ಕೆಪಾಸಿಟರ್ ಖಾಲಿ. 9 ವೋಲ್ಟ್ ಪೂರ್ತಿ ರೆಸಿಸ್ಟರ್ ಮೇಲೆ, ಕರೆಂಟು 0.9 ಮಿಲಿಆಂಪ್. ಸೆಕೆಂಡಿಗೆ 0.9 ವೋಲ್ಟ್ ಏರುತ್ತಿರುತ್ತೆ. ಇದೇ ವೇಗ ಉಳಿದಿದ್ದರೆ 10 ಸೆಕೆಂಡಲ್ಲಿ ಕೆಲಸ ಮುಗೀತು. ಆದರೆ 4.5 ವೋಲ್ಟ್ ತುಂಬುವ ಹೊತ್ತಿಗೆ ತಳ್ಳಲು ಉಳಿದಿರೋದು ಬರೀ 4.5. ಕರೆಂಟು ಅರ್ಧ, ವೇಗವೂ ಅರ್ಧ. ಹೋಗಬೇಕಾದ ದಾರಿ ಅರ್ಧ, ನಡಿಗೆಯೂ ಅರ್ಧ, ಹಾಗಾಗಿ ಮತ್ತೆ ‘ಇನ್ನು ಹತ್ತೇ ಸೆಕೆಂಡ್’! ಸೈಕಲ್ ಟ್ಯೂಬಿಗೆ ಗಾಳಿ ಹೊಡೆದವರಿಗೆ ಇದು ಗೊತ್ತು: ತುಂಬಿದಷ್ಟೂ ಪಂಪು ಬಿಗಿ. ತಳದಲ್ಲಿ ಪೈಪ್ ಜೋಡಿಸಿದ ಎರಡು ಡ್ರಮ್ಮುಗಳೂ ಹಾಗೇ. ಮಟ್ಟದ ವ್ಯತ್ಯಾಸ ಕಮ್ಮಿಯಾದಂತೆ ನೀರಿನ ಹರಿವೂ ಸಣ್ಣಗಾಗುತ್ತೆ.

1746ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್ ಊರಿನ ವಿಜ್ಞಾನಿ ಮುಶೆನ್‌ಬ್ರೂಕ್ ಅವರ ಜಾಡಿಯಿಂದ ಹೊಡೆದ ಶಾಕ್‌ನಲ್ಲಿ ಇದೆಲ್ಲ ಕಾಣಲಿಲ್ಲ. ಆ ಜಾಡಿಯೂ ಕೆಪಾಸಿಟರೇ, ಆದರೆ ಕಣ್ಣು ಮಿಟುಕಿಸುವುದರೊಳಗೆ ಖಾಲಿ. ನಮ್ಮ ಹತ್ತು ಸೆಕೆಂಡ್ ಮಾತ್ರ ಗಡಿಯಾರ ಹಿಡಿದು ನೋಡುವಷ್ಟು ನಿಧಾನ.

ಸರಿ, 7ನೇ ಸೆಕೆಂಡಲ್ಲಿ ಎಷ್ಟು? ತುಂಬಿದ್ದನ್ನು ಲೆಕ್ಕ ಹಾಕೋದಕ್ಕಿಂತ ಬಾಕಿಯನ್ನು ಲೆಕ್ಕ ಹಾಕೋದು ಸುಲಭ. ಶುರುವಲ್ಲಿದ್ದ ಬಾಕಿ 9. ಅದು ಕರಗುವ ರೀತಿ ಹೀಗೆ:

```
ಬಾಕಿ = 9 × e^(−7/10) = 9 × 0.497 = 4.47
V = 9 − 4.47 = 4.53
```

ಅರ್ಧ ತುಂಬಲು 7 ಸೆಕೆಂಡ್, ಉಳಿದರ್ಧಕ್ಕೆ? 50 ಸೆಕೆಂಡಾದರೂ 8.94 ಅಷ್ಟೇ. ಪೂರ್ತಿ 9 ಲೆಕ್ಕದಲ್ಲಿ ಯಾವತ್ತೂ ಬರಲ್ಲ, ಮೀಟರಿಗೆ ಸಾಕು ಅಷ್ಟೇ.

ಎರಡನೇ ಸಲ ಮಾಡಿದಾಗ ನನಗೆ 4.5ರ ಬದಲು 5.5 ಬಂತು. ಮೀಟರನ್ನು ಬೈದೆ. ತಪ್ಪು ನನ್ನದೇ: ಹಳೇ ಚಾರ್ಜ್ 2 ವೋಲ್ಟ್ ಉಳಿದಿತ್ತು. ಬಾಕಿ 9 ಅಲ್ಲ, 7. ಅದರ 0.497 ಪಾಲು 3.48, ಒಂಬತ್ತರಲ್ಲಿ ಕಳೆದರೆ 5.52. ಸರಿಯಾಗಿಯೇ ಇತ್ತು ಅಲ್ವಾ!

ಖಾಲಿಯಿಂದ ಶುರು ಮಾಡಿಯೂ 5.7 ಮುಟ್ಟಲು 12 ಸೆಕೆಂಡ್ ಬೇಕಾದರೆ, ರೆಸಿಸ್ಟರ್ ಸರಿಯಿದ್ದರೆ, ಕೈಯಲ್ಲಿರೋದು 1200 ಮೈಕ್ರೋಫ್ಯಾರಡ್. ಇಂಥ ಕೆಪಾಸಿಟರ್‌ಗಳಿಗೆ ಶೇ. 20 ಹೆಚ್ಚು ಕಮ್ಮಿ ಮಾಮೂಲು.